ಗೆಣ್ಣು ನೋವಿಗೊಂದು ತಾರೀಖು

ಲಾಕ್‌ಡೌನ್ ಟೈಮಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಅರಕಲಗೂಡು ಕಡೆಯ ನಮ್ಮೂರಿಗೆ ಹೋದವನು ವರ್ಷದ ಮೇಲೆ ಅಲ್ಲೇ ಉಳಿದೆ. ಕಾಲೇಜಿಗೆ ಅಂತ ಮನೆ ಬಿಟ್ಟ ಮೇಲೆ ಅವ್ವನ ಬೆಳಗ್ಗೆಯನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಎದ್ದ ತಕ್ಷಣ ಅವಳು ಒಲೆ ಹತ್ತಿರ ಹೋಗಿ ಎರಡೂ ಕೈಯನ್ನು ಬಿಸಿ ನೀರಿನ ಚೆಂಬಿಗೆ ಒತ್ತಿಕೊಂಡು ಕೂರುತ್ತಿದ್ದಳು. ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಬೆರಳು ಮಡಚಲು ಬರುತ್ತಿತ್ತು. ಹಿಂದೆ ಹೊಗೆಸೊಪ್ಪು ಕಟ್ಟಲು ಕೂತರೆ ಅವಳ ಕೈ ಕಾಣುತ್ತಿರಲಿಲ್ಲ, ಅಷ್ಟು ಚುರುಕು. ಈಗ ದಾರ ಬಿಗಿಯುವಾಗ ಮುಖ ಕಿವುಚುತ್ತಿದ್ದಳು.

"ಯಾವಾಗಿಂದ ಅವ್ವ ಇದು?" ಅಂದೆ.

"ಚಿಕುನ್‌ಗುನ್ಯಾ ಬಂದಾಗಿಂದ ಕಣಪ್ಪ. ಅದು ಹೋದ್ರೂ ನೋವು ಬುಟ್ಟೋಗ್ಲಿಲ್ಲ."

ಊರಲ್ಲಿ ಐವತ್ತರ ಆಸುಪಾಸಿನ ಹೆಂಗಸರನ್ನು ಕೇಳಿದರೆ ಬಹಳ ಜನ ಇದನ್ನೇ ಹೇಳುತ್ತಾರೆ. 2006ರಲ್ಲಿ ಚಿಕುನ್‌ಗುನ್ಯಾ ಕರ್ನಾಟಕವನ್ನು ಹಿಂಡಿದ್ದು ನಿಜ, ಊರಿಗೆ ಊರೇ ಸೊಂಟ ಬಗ್ಗಿಸಿ ನಡೆದದ್ದೂ ನಿಜ. ಕೆಲವರಿಗೆ ಆ ನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವುದೂ ಹೌದು. ಆದರೆ ನನ್ನ ಲೆಕ್ಕ ತಾಳೆಯಾಗಲಿಲ್ಲ. ನಾನು ಪಿಯುಸಿ ಓದುವಾಗ, ಇಂಜಿನಿಯರಿಂಗ್ ಓದುವಾಗ ಅವ್ವ ನಾಟಿ ಮಾಡಿದ್ದಾಳೆ, ಆಲೂಗಡ್ಡೆ ಕಿತ್ತಿದ್ದಾಳೆ. ಅದೆಲ್ಲ 2006ರ ನಂತರದ ಮಾತು.

ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ ಇದೆ. ಏನಾದರೂ ಕೆಟ್ಟರೆ "ಯಾಕೆ" ಅಂತ ಕೇಳುವ ಮೊದಲು "ಯಾವತ್ತಿನಿಂದ" ಅಂತ ಕೇಳುತ್ತೇವೆ. ಒಂದು ಹಾಳೆಯಲ್ಲಿ ಇಸವಿ ಬರೆದುಕೊಂಡು ಕೂತೆ. ತಂಗಿ ಮದುವೆ 2014. ಅವತ್ತು ಅವ್ವ ಚಪ್ಪರದ ಕೆಳಗೆ ನೂರಾರು ಜನಕ್ಕೆ ಬಡಿಸಿದ್ದಳು, ನೋವಿರಲಿಲ್ಲ. ಬೆರಳು ಹಿಡಿದುಕೊಳ್ಳಲು ಶುರುವಾದದ್ದು ಮಾರನೇ ವರ್ಷದ ಹೊಗೆಸೊಪ್ಪಿನ ಸೀಸನ್‌ನಲ್ಲಿ. ತಲೆ ಬಾಚಿದರೆ ಉಂಡೆ ಉಂಡೆ ಕೂದಲು ಬಂದದ್ದು ಅದರ ಹಿಂದೆಯೇ. ಹಿಮ್ಮಡಿ ಒಡೆದು, ಮೊಣಕಾಲ ಕೆಳಗೆ ಚರ್ಮ ಒಣಗಿ ಕೆರೆತ ಬಂದದ್ದೂ ಅದೇ ಹೊತ್ತಿಗೆ. ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಅದನ್ನು ಕೇಳಲು ನನಗೆ ಎರಡು ದಿನ ಬೇಕಾಯಿತು.

"ಅವ್ವ, ನೀನು ಹೊರಗಾಗೋದು ನಿಂತಿದ್ದು ಯಾವಾಗ?"

ಅವಳು ನನ್ನ ಮುಖ ನೋಡಲಿಲ್ಲ. ಸೊಪ್ಪು ಸೋಸುತ್ತಲೇ ಹೇಳಿದಳು. ತಂಗಿ ಮದುವೆ ವರ್ಷದಿಂದ ತಿಂಗಳು ತಪ್ಪುತ್ತಾ ಬಂದು, 2016ರ ಯುಗಾದಿ ಹೊತ್ತಿಗೆ ಪೂರ್ತಿ ನಿಂತಿತ್ತು. ಆಗ ಅವಳಿಗೆ ನಲವತ್ತೇಳು. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಹೆಚ್ಚುಕಡಿಮೆ ಅದೇ, 46-47. ಪಶ್ಚಿಮದ ದೇಶಗಳಲ್ಲಿ 51ರ ಹತ್ತಿರ.

ನಾಲ್ಕು ತಾರೀಖು ಒಂದೇ ಕಡೆ ಬಂದು ನಿಂತವು. ಇದನ್ನು ನನಗಿಂತ ಮುಂಚೆ ಯಾರಾದರೂ ಗಮನಿಸಿದ್ದಾರಾ ಅಂತ ಹುಡುಕುತ್ತಾ ಹೋದೆ. ಗಮನಿಸಿ ಇನ್ನೂರು ವರ್ಷ ಆಗಿತ್ತು. ಮತ್ತೆ ಮತ್ತೆ ಮರೆಯಲಾಗಿತ್ತು ಅಷ್ಟೆ.

ಮುಟ್ಟಿನ ವಯಸ್ಸನ್ನು ನಮ್ಮವರೂ ಬಹಳ ಹಿಂದೆಯೇ ಬರೆದಿಟ್ಟಿದ್ದರು. ಸುಶ್ರುತ ಸಂಹಿತೆ ಅದು ಹನ್ನೆರಡಕ್ಕೆ ಶುರುವಾಗಿ ಐವತ್ತಕ್ಕೆ ಮುಗಿಯುತ್ತದೆ ಅನ್ನುತ್ತದೆ. ವಯಸ್ಸಾದಂತೆ ವಾತ ಹೆಚ್ಚಿ ಕೀಲು ನೋಯುತ್ತದೆ, ಮೈ ಒಣಗುತ್ತದೆ ಅನ್ನುವುದೂ ಆಯುರ್ವೇದದ ಮಾತೇ. ಊರಲ್ಲಿ "ವಾಯು" ಅನ್ನುವುದು ಅದನ್ನೇ. ಆದರೆ ಆ ಮಾತಿನಲ್ಲಿ ಕಾರಣ ಮುಪ್ಪು, ಮುಪ್ಪು ಗಂಡಸರಿಗೂ ಬರುತ್ತದೆ. ಹೆಂಗಸಿನ ಕೀಲು ನೋವಿಗೆ ಬೇರೆಯೇ ಒಂದು ತಾರೀಖಿದೆ ಅನ್ನುವುದನ್ನು ಎಣಿಸಿ ತೋರಿಸಿದವನು ಇಂಗ್ಲೆಂಡಿನ ವೈದ್ಯ ಜಾನ್ ಹೇಗಾರ್ತ್. 1805ರಲ್ಲಿ ಅವನು ಕೀಲಿನ ಗಂಟುಗಳ ಬಗ್ಗೆ ಬರೆದ. ತಾನು ನೋಡಿದ 34 ರೋಗಿಗಳಲ್ಲಿ ಗಂಡಸು ಒಬ್ಬನೇ, ಉಳಿದವರೆಲ್ಲ ಹೆಂಗಸರು, ಹೆಚ್ಚಿನವರಲ್ಲಿ ಕಾಯಿಲೆ ಶುರುವಾಗಿದ್ದು ಮುಟ್ಟು ನಿಲ್ಲುವ ಹೊತ್ತಿಗೆ ಅಂತ ದಾಖಲಿಸಿದ. ಆಗ ಆ ಘಟ್ಟಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೂ ಇರಲಿಲ್ಲ. ಮೆನೋಪಾಸ್ ಅನ್ನುವ ಪದವನ್ನು ಫ್ರಾನ್ಸಿನ ವೈದ್ಯ ಗಾರ್ಡಾನ್ ಚಲಾವಣೆಗೆ ತಂದದ್ದು 1821ರಲ್ಲಿ.

ಹೇಗಾರ್ತ್ ಹತ್ತಿರ ಎಣಿಕೆ ಇತ್ತು, ಕಾರಣ ಇರಲಿಲ್ಲ. ಕಾರಣ ಸಿಗಲು ಇನ್ನೂ ನೂರಿಪ್ಪತ್ತು ವರ್ಷ ಬೇಕಾಯಿತು. 1923ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಸೇರಿ ಒಂದು ಸರಳ ಪ್ರಯೋಗ ಮಾಡಿದರು. ಹಂದಿಯ ಅಂಡಾಶಯದಲ್ಲಿ ಮೊಟ್ಟೆಯ ಸುತ್ತ ಇರುವ ದ್ರವವನ್ನು ತೆಗೆದು, ಅಂಡಾಶಯ ತೆಗೆದಿದ್ದ ಇಲಿಗಳಿಗೆ ಚುಚ್ಚಿದರು. ನಿಂತುಹೋಗಿದ್ದ ಅವುಗಳ ಋತುಚಕ್ರದ ಲಕ್ಷಣಗಳು ಮತ್ತೆ ಕಾಣಿಸಿದವು. ಅಂದರೆ ಅಂಡಾಶಯ ರಕ್ತಕ್ಕೆ ಏನನ್ನೋ ಬಿಡುತ್ತಿದೆ. ಅದರಲ್ಲಿ ಒಂದನ್ನು 1929ರಲ್ಲಿ ಡಾಯ್ಸಿ, ಅದೇ ವರ್ಷ ಜರ್ಮನಿಯಲ್ಲಿ ಬುಟೆನಾಂಟ್, ಶುದ್ಧವಾಗಿ ಬೇರ್ಪಡಿಸಿದರು. ಇವತ್ತು ನಾವು ಎಸ್ಟ್ರೊಜೆನ್ ಅನ್ನುವ ಗುಂಪಿನ ಮೊದಲ ಹಾರ್ಮೋನು ಅದು.

ಈ ಎರಡು ಇಸವಿಗಳ ನಡುವೆ, 1925ರಲ್ಲಿ, ನ್ಯೂಯಾರ್ಕಿನ ಸೆಸಿಲ್ ಮತ್ತು ಆರ್ಚರ್ ಎಂಬ ವೈದ್ಯರು 50 ರೋಗಿಗಳ ವಿವರ ಇಟ್ಟು ಒಂದು ಲೇಖನ ಪ್ರಕಟಿಸಿದರು. ಅದರ ತಲೆಬರಹವೇ "ಮುಟ್ಟು ನಿಲ್ಲುವ ಕಾಲದ ಸಂಧಿವಾತ" ಅಂತ. ಮಂಡಿ ನೋವು, ಬೆರಳ ತುದಿಯ ಗೆಣ್ಣಿನಲ್ಲಿ ಗಟ್ಟಿ ಗಂಟು, ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಆರಂಭ, ನಿಧಾನವಾಗಿ ಏರುವ ನೋವು. ಓದುವಾಗ ನಮ್ಮ ಬೀದಿಯ ಜಗುಲಿಗಳ ಮೇಲೆ ಕೂತವರ ವಿವರ ಓದಿದ ಹಾಗಿತ್ತು.

ಹಾಗಾದರೆ ಅದು ಯಾಕೆ ಎಲ್ಲಾ ವೈದ್ಯರ ಬಾಯಲ್ಲಿ ಉಳಿಯಲಿಲ್ಲ? ಒಂದು ಕಾರಣ ನ್ಯಾಯವಾದದ್ದೇ. ಐವತ್ತರ ಹೊತ್ತಿಗೆ ಕೀಲು ಸವೆಯುತ್ತದೆ, ತೂಕ ಏರುತ್ತದೆ. ಇದರಲ್ಲಿ ವಯಸ್ಸಿನ ಪಾಲೆಷ್ಟು, ಹಾರ್ಮೋನಿನ ಪಾಲೆಷ್ಟು ಅಂತ ಬಿಡಿಸುವುದು ಕಷ್ಟ. ಇನ್ನೊಂದು ಕಾರಣ, ಮುಟ್ಟು ನಿಲ್ಲುವುದು ಅಂದರೆ ಬಿಸಿ ಏರುವುದು, ಬೆವರುವುದು ಅಂತ ಆಗಿಹೋಗಿತ್ತು. ಎಕ್ಸ್‌ರೇಯಲ್ಲಿ ಕಾಣದ ನೋವು ಯಾರ ವಿಭಾಗಕ್ಕೂ ಸೇರಲಿಲ್ಲ.

1941ರಲ್ಲಿ ಬಾಸ್ಟನ್‌ನ ಫುಲ್ಲರ್ ಆಲ್‌ಬ್ರೈಟ್ ಇನ್ನೊಂದು ತುದಿಯಿಂದ ಬಂದ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುತ್ತದೆ ಅಂತ ತೋರಿಸಿದವನು ಅವನೇ. ಮೂಳೆ ಸವೆದ ಆ ಹೆಂಗಸರ ಚರ್ಮವೂ ತೆಳ್ಳಗಿರುವುದನ್ನು ಅವನು ಗಮನಿಸಿದ್ದ. ಮೂಳೆಯ ವಿಷಯ ಪಠ್ಯಪುಸ್ತಕ ಸೇರಿತು. ಚರ್ಮದ ವಿಷಯ ಸುಮಾರು ನಲವತ್ತು ವರ್ಷ ಮೂಲೆಯಲ್ಲಿತ್ತು. 1980ರ ದಶಕದಲ್ಲಿ ಲಂಡನ್ನಿನ ಸಂಶೋಧಕರು ಅಳೆದು ನೋಡಿದಾಗ, ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲೇ ಚರ್ಮದ ಕೊಲಾಜೆನ್‌ನಲ್ಲಿ ನೂರಕ್ಕೆ ಸುಮಾರು ಮೂವತ್ತು ಭಾಗ ಹೋಗಿರುತ್ತದೆ ಅಂತ ಕಂಡಿತು. ಆಮೇಲೆ ವರ್ಷಕ್ಕೆ ಎರಡರಷ್ಟು ನಿಧಾನ ಇಳಿಕೆ. ಬರೀ ಮುಪ್ಪಾಗಿದ್ದರೆ ಸವೆತ ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಇರಬೇಕಿತ್ತು. ಇಲ್ಲಿ ಮೊದಲು ಒಂದು ಪ್ರಪಾತ ಇದೆ, ಆಮೇಲೆ ಇಳಿಜಾರು.

ಆ ಪ್ರಪಾತ ಹೇಗೆ ಮೂರು ಕಡೆ ಒಟ್ಟಿಗೆ ಕಾಣಿಸುತ್ತದೆ ಅನ್ನುವುದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಎಸ್ಟ್ರೊಜೆನ್ ಗರ್ಭಕೋಶಕ್ಕಷ್ಟೇ ಹೋಗುವ ಕಾಗದ ಅಲ್ಲ. ಅದನ್ನು ಓದುವ ಗ್ರಾಹಕಗಳು ಕೀಲಿನ ಮೃದ್ವಸ್ಥಿಯಲ್ಲಿ, ಕೀಲಿನ ಒಳಪೊರೆಯಲ್ಲಿ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳಲ್ಲಿ, ಚರ್ಮದಲ್ಲಿ, ಕೂದಲಿನ ಬುಡದಲ್ಲಿ ಎಲ್ಲಾ ಇವೆ. ಕೀಲಿನಲ್ಲಿ ಅದು ಉರಿಯೂತವನ್ನು ಅಂಕೆಯಲ್ಲಿಡಲು ನೆರವಾಗುತ್ತದೆ. ಅದು ಇಳಿದಾಗ ಊತ ಇಲ್ಲದೆಯೂ ಕೀಲು ಬಿಗಿಯುತ್ತದೆ, ನೋವಿನ ಅರಿವೂ ಹೆಚ್ಚುತ್ತದೆ. ಚರ್ಮದಲ್ಲಿ ಅದು ಕೊಲಾಜೆನ್ ಮಾಡಿಸುತ್ತದೆ, ನೀರು ಹಿಡಿದಿಡುತ್ತದೆ. ಅದು ಹೋದರೆ ಚರ್ಮ ತೆಳ್ಳಗಾಗಿ ಒಣಗುತ್ತದೆ. ಕೂದಲಿಗೆ ಒಂದು ಬೆಳೆಯುವ ಕಾಲ, ಒಂದು ಉದುರುವ ಕಾಲ ಇದೆ. ಎಸ್ಟ್ರೊಜೆನ್ ಬೆಳೆಯುವ ಕಾಲವನ್ನು ಉದ್ದ ಮಾಡುತ್ತದೆ. ಅದು ಕಡಿಮೆಯಾಗಿ, ಹೆಂಗಸಿನ ಮೈಯಲ್ಲಿ ಸ್ವಲ್ಪ ಇರುವ ಪುರುಷ ಹಾರ್ಮೋನಿನ ಕೈ ಮೇಲಾದಾಗ ಕೂದಲು ಎಳೆ ಎಳೆಯಾಗಿ ಸಣ್ಣಗಾಗುತ್ತದೆ. ಅದಕ್ಕೇ ಗಂಡಸರ ಹಾಗೆ ಹಣೆ ಬೋಳಾಗದೆ, ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಆದರೆ ಕೂದಲಿನ ವಿಷಯದಲ್ಲಿ ವಂಶದ ಪಾಲೂ ದೊಡ್ಡದು. ಎಸ್ಟ್ರೊಜೆನ್ ಒಂದರ ತಲೆಗೆ ಎಲ್ಲವನ್ನೂ ಕಟ್ಟಲಾಗದು.

ಇನ್ನು ಇದು ಬರೀ ತಾಳೆಯೋ, ನಿಜವಾದ ಕಾರಣವೋ? ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಜಾಗದಿಂದ. 1990ರ ದಶಕದಲ್ಲಿ ಸ್ತನ ಕ್ಯಾನ್ಸರ್‌ಗೆ ಅನಾಸ್ಟ್ರೊಜೋಲ್, ಲೆಟ್ರೊಜೋಲ್ ಮುಂತಾದ ಮಾತ್ರೆಗಳು ಬಂದವು. ಮುಟ್ಟು ನಿಂತ ಮೇಲೂ ಕೊಬ್ಬಿನಲ್ಲಿ ಒಂದಿಷ್ಟು ಎಸ್ಟ್ರೊಜೆನ್ ತಯಾರಾಗುತ್ತಿರುತ್ತದೆ. ಇವು ಅದನ್ನೂ ನಿಲ್ಲಿಸುತ್ತವೆ. ಮಾತ್ರೆ ನುಂಗಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕೀಲು ನೋವು, ಬೆಳಗಿನ ಬಿಗಿತ ಅನ್ನುತ್ತಾರೆ. ನೋವು ತಾಳದೆ ಮಾತ್ರೆ ಬಿಡುವವರೂ ಇದ್ದಾರೆ. ಹೊಳೆನರಸೀಪುರದ ನಮ್ಮ ಅತ್ತೆಯೊಬ್ಬರು ಬೆಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ ಈ ಮಾತ್ರೆ ತಗೊಳ್ಳುತ್ತಿದ್ದಾರೆ. "ಕಾಯ್ಲೆ ವಾಸಿ ಆಯ್ತು ಕಣೋ, ಆದ್ರೆ ಬಸ್ಸಿನ ಕಂಬಿ ಹಿಡಿಯಕ್ಕಾಗಲ್ಲ" ಅಂದಿದ್ದರು. ಅವರಿಗೆ ಮುಟ್ಟು ನಿಂತು ಹತ್ತು ವರ್ಷವಾಗಿತ್ತು. ಉಳಿದಿದ್ದ ಚೂರು ಎಸ್ಟ್ರೊಜೆನ್ನೂ ಹೋದ ಮೇಲೆ, ಕೆಲವೇ ತಿಂಗಳಲ್ಲಿ ಗೆಣ್ಣು ಹಿಡಿದುಕೊಂಡಿತು. ಅಷ್ಟರಲ್ಲಿ ಅವರ ವಯಸ್ಸು ಹೆಚ್ಚೇನೂ ಆಗಿರಲಿಲ್ಲ, ಬದಲಾದದ್ದು ಹಾರ್ಮೋನು ಮಾತ್ರ.

ಇದಕ್ಕೆ ತಿರುಗುಮುರುಗಾಗಿ, ಎಸ್ಟ್ರೊಜೆನ್ ಕೊಟ್ಟರೆ ನೋವು ಹೋಗುತ್ತದಾ? ಇಲ್ಲಿ ಕಥೆ ಅಷ್ಟು ನೇರ ಇಲ್ಲ. 1942ರಿಂದ ಅಮೆರಿಕದಲ್ಲಿ ಬಸುರಿ ಕುದುರೆಯ ಮೂತ್ರದಿಂದ ತೆಗೆದ ಎಸ್ಟ್ರೊಜೆನ್ ಮಾತ್ರೆ ಮಾರಾಟವಾಗುತ್ತಿತ್ತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ, ಈ ಮಾತ್ರೆ ನುಂಗಿದರೆ ಹೆಂಗಸು ಎಂದೆಂದಿಗೂ ಹೆಂಗಸಾಗಿಯೇ ಇರುತ್ತಾಳೆ ಅಂತ ಪುಸ್ತಕ ಬರೆದು ಮಾರಾಟ ಏರಿಸಿದ. ಅವನಿಗೆ ಔಷಧ ಕಂಪನಿಯ ದುಡ್ಡು ಸಿಕ್ಕಿತ್ತು ಅಂತ ಆಮೇಲೆ ಗೊತ್ತಾಯಿತು. 1975ರಲ್ಲಿ, ಎಸ್ಟ್ರೊಜೆನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆ ಅಂತ ಕಂಡು, ಜೊತೆಗೆ ಇನ್ನೊಂದು ಹಾರ್ಮೋನು ಸೇರಿಸಿದರು. 2002ರ ಜುಲೈನಲ್ಲಿ ಅಮೆರಿಕದ 16,608 ಹೆಂಗಸರ ದೊಡ್ಡ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಈ ಜೋಡಿ ಹಾರ್ಮೋನಿನಿಂದ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಹೆಚ್ಚಿತ್ತು. ಆದರೆ ಅವರ ಸರಾಸರಿ ವಯಸ್ಸು 63. ಆಗಷ್ಟೇ ಮುಟ್ಟು ನಿಂತವರ ವಿಷಯ ಬೇರೆ ಅನ್ನುವುದು ತಿಳಿಯುವಷ್ಟರಲ್ಲಿ ಜಗತ್ತಿಡೀ ಹೆದರಿ ಮಾತ್ರೆ ಬಿಟ್ಟಿತ್ತು.

ಅದೇ ಯೋಜನೆಯ ಇನ್ನೊಂದು ಭಾಗದ ಲೆಕ್ಕ 2013ರಲ್ಲಿ ಬಂತು. ಗರ್ಭಕೋಶ ತೆಗೆಸಿಕೊಂಡವರಿಗೆ ಎಸ್ಟ್ರೊಜೆನ್ ಒಂದನ್ನೇ ಕೊಟ್ಟಿದ್ದರು. ಒಂದು ವರ್ಷದ ನಂತರ ಕೀಲು ನೋವು ಅಂದವರು ಎಸ್ಟ್ರೊಜೆನ್ ಗುಂಪಿನಲ್ಲಿ ನೂರಕ್ಕೆ 76, ಬರೀ ಸಕ್ಕರೆ ಮಾತ್ರೆಯ ಗುಂಪಿನಲ್ಲಿ 79. ವ್ಯತ್ಯಾಸ ಇದೆ, ಆದರೆ ಸಣ್ಣದು. ಹಾಗಾಗಿ ಕೀಲು ನೋವೊಂದಕ್ಕೇ ಅಂತ ವೈದ್ಯರು ಹಾರ್ಮೋನು ಕೊಡುವುದಿಲ್ಲ. ಬಿಸಿ ಏರುವುದು, ನಿದ್ದೆ ಕೆಡುವುದು, ಮೂಳೆ ಸವೆತ ಇದ್ದವರಿಗೆ, ಅರವತ್ತರ ಒಳಗೆ ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಇದ್ದರೆ, ಒಳಿತು ಕೆಡಕು ತೂಗಿ ಕೊಡುತ್ತಾರೆ.

ನಮ್ಮ ಕಡೆ ಇದೇ ಇಳಿತ ಇನ್ನೊಂದು ಬಾಗಿಲಿನಿಂದಲೂ ಬರುತ್ತದೆ. ಚನ್ನರಾಯಪಟ್ಟಣದ ದೊಡ್ಡಮ್ಮನಿಗೆ ಮೂವತ್ತೆಂಟಕ್ಕೇ, ಜಾಸ್ತಿ ಹೋಗುತ್ತದೆ ಅಂತ, "ಗರ್ಭಕೋಶ ತೆಗೆಸಿಬಿಡಿ, ತಲೆನೋವೇ ಇರಲ್ಲ" ಅಂದಿದ್ದರು. ತೆಗೆಸಿದರು. ಜೊತೆಗೆ ಅಂಡಾಶಯವೂ ಹೋಗಿತ್ತು ಅಂತ ಮನೆಯವರಿಗೆ ಗೊತ್ತಾದದ್ದು ಹಳೇ ಡಿಸ್ಚಾರ್ಜ್ ಚೀಟಿಯನ್ನು ನಾನು ಓದಿದಾಗ. ಗರ್ಭಕೋಶ ಮಾತ್ರ ತೆಗೆದರೆ ಅಂಡಾಶಯ ಕೆಲಸ ಮಾಡುತ್ತಲೇ ಇರುತ್ತದೆ, ಕೆಲವರಲ್ಲಿ ಒಂದಷ್ಟು ವರ್ಷ ಬೇಗ ನಿಲ್ಲುತ್ತದೆ. ಎರಡೂ ಅಂಡಾಶಯ ತೆಗೆದರೆ ನಾಲ್ಕೈದು ವರ್ಷದಲ್ಲಿ ಇಳಿಯಬೇಕಾದ್ದು ಒಂದೆರಡು ದಿನದಲ್ಲಿ ಇಳಿಯುತ್ತದೆ. ದೊಡ್ಡಮ್ಮ ನಲವತ್ತಕ್ಕೇ ಮಂಡಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದದ್ದು ನನಗೆ ನೆನಪಿದೆ. ನಾವೆಲ್ಲ ಅದನ್ನು ತೂಕ ಅಂದುಕೊಂಡಿದ್ದೆವು. ಅನಗತ್ಯವಾಗಿ ಗರ್ಭಕೋಶ ತೆಗೆದ ಖಾಸಗಿ ಆಸ್ಪತ್ರೆಗಳ ವಿರುದ್ಧ ಕಲಬುರಗಿಯಲ್ಲಿ ಲಂಬಾಣಿ, ದಲಿತ ಹೆಂಗಸರು 2017ರಲ್ಲಿ ಬೀದಿಗಿಳಿದಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಈ ಶಸ್ತ್ರಚಿಕಿತ್ಸೆಗೆ ಕೇಂದ್ರ ಮಾಡಿದ ಮಾರ್ಗಸೂಚಿಯನ್ನು ಎಲ್ಲಾ ರಾಜ್ಯಗಳೂ ಜಾರಿಗೆ ತರಬೇಕು ಅಂತ ಹೇಳಿತು. ನಿಮ್ಮ ಮನೆಯಲ್ಲಿ ಯಾರದಾದರೂ ಆ ಆಪರೇಶನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಅಂಡಾಶಯದ ಬಗ್ಗೆ ಏನು ಬರೆದಿದೆ ಅಂತ ಒಮ್ಮೆ ನೋಡಿ.

ಮತ್ತೆ ಅವ್ವನ ವಿಷಯಕ್ಕೆ ಬರುತ್ತೇನೆ. ಆರು ವರ್ಷದಲ್ಲಿ ಅವಳು ಮೂರು ಕಾಯಿಲೆಗೆ ಮೂರು ಕಡೆ ತೋರಿಸಿದ್ದಳು. ಕೂದಲಿಗೆ ಎಣ್ಣೆ, ಚರ್ಮಕ್ಕೆ ಹಾಸನದಲ್ಲೊಂದು ಮುಲಾಮು. ಕೀಲಿಗೆ ಮಾತ್ರ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ, ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುವ ಬಿಳಿ ಗುಳಿಗೆ. ತಗೊಂಡ ದಿನ ನೋವು ಮಾಯ. ಆ ಮಾಯವೇ ನನಗೆ ಅನುಮಾನ ತಂದದ್ದು. ಹಾಸನದ ಮೂಳೆ ಡಾಕ್ಟರ್ ಗುಳಿಗೆ ನೋಡಿ ಸ್ಟೀರಾಯ್ಡ್ ಅಂದರು. ಎಸ್ಟ್ರೊಜೆನ್ ಹೋಗಿ ಮೂಳೆಯೂ ಚರ್ಮವೂ ಸವೆಯುತ್ತಿರುವ ವಯಸ್ಸಿನಲ್ಲಿ ಅದೆರಡನ್ನೂ ಇನ್ನಷ್ಟು ಸವೆಸುವ ಔಷಧ ಅದು. ಅಷ್ಟು ವರ್ಷ ತಗೊಂಡದ್ದನ್ನು ಒಂದೇ ದಿನ ನಿಲ್ಲಿಸುವ ಹಾಗೂ ಇಲ್ಲ, ಮೈ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರುತ್ತದೆ. ಅವರು ಮೂರು ತಿಂಗಳಲ್ಲಿ ಮೆಲ್ಲಗೆ ಇಳಿಸಿದರು.

"ಮುಟ್ಟು ನಿಂತಿದ್ದಕ್ಕೇ ಅಲ್ವಾ ಸಾರ್?" ಅಂತ ನನ್ನ ಹಾಳೆ ಮುಂದಿಟ್ಟೆ. ಅವರು ನಕ್ಕು, "ಇರಬಹುದು. ಆದ್ರೆ ಅದನ್ನ ಕೊನೇಲಿ ಹೇಳ್ಬೇಕು, ಮೊದಲು ಅಲ್ಲ" ಅಂದರು. ನಾನು ಕಲಿತ ಮುಖ್ಯ ಪಾಠ ಅದು. ಕೀಲು ನೋವು, ಕೂದಲು ಉದುರುವುದು, ಒಣ ಚರ್ಮ ಈ ಮೂರನ್ನೂ ಒಟ್ಟಿಗೆ ತರುವ ಇನ್ನೊಂದು ಕಾಯಿಲೆ ಥೈರಾಯ್ಡ್ ಕಡಿಮೆಯಾಗುವುದು, ಅದೂ ಇದೇ ವಯಸ್ಸಿನ ಹೆಂಗಸರಲ್ಲೇ ಹೆಚ್ಚು. ರುಮಟಾಯ್ಡ್ ಸಂಧಿವಾತವೂ ಈ ವಯಸ್ಸಿಗೇ ಬರುತ್ತದೆ. ಅದರಲ್ಲಿ ಬೆಳಗಿನ ಬಿಗಿತ ಒಂದು ಗಂಟೆ ದಾಟುತ್ತದೆ, ಬೆರಳ ಬುಡದ ಗೆಣ್ಣು ಮೆತ್ತಗೆ ಊದುತ್ತದೆ, ತಡ ಮಾಡಿದರೆ ಕೀಲು ಕೊರೆದುಹೋಗುತ್ತದೆ. ಅವ್ವನಿಗೆ ಬಿಗಿತ ಹದಿನೈದು ನಿಮಿಷ, ಊತ ಇಲ್ಲ. ಆದರೂ ಸ್ಟೀರಾಯ್ಡ್ ಊತವನ್ನು ಮುಚ್ಚಿಟ್ಟಿರಬಹುದು ಅಂತ, ಅದು ನಿಂತ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು, ರಕ್ತದಲ್ಲಿ ಉರಿಯೂತದ ಗುರುತಿರಲಿಲ್ಲ, ವಿಟಮಿನ್ ಡಿ ಕಡಿಮೆ ಇತ್ತು. ಮೂಳೆ ಸಾಂದ್ರತೆ ಸ್ವಲ್ಪ ಇಳಿದಿತ್ತು. ಆಮೇಲೆ ಅವರು, "ಈಗ ಹೇಳಬಹುದು" ಅಂದರು.

ಹಾರ್ಮೋನಿನ ಬಗ್ಗೆಯೂ ಮಾತಾಯಿತು. ಅವ್ವನಿಗೆ ಬಿಸಿ ಏರುವುದು ಹೆಚ್ಚಿರಲಿಲ್ಲ, ಅವಳು ಬೇಡ ಅಂದಳು. ವಿಟಮಿನ್ ಡಿ, ದಿನಾ ಮೊಟ್ಟೆಯೋ ಕಾಳೋ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವ ವ್ಯಾಯಾಮ, ನೋವು ಜಾಸ್ತಿಯಾದ ದಿನಕ್ಕೆ ಪ್ಯಾರಾಸಿಟಮಾಲ್. ಸ್ನಾನಕ್ಕೆ ಕುದಿ ನೀರು ಬಿಟ್ಟು ಉಗುರು ಬೆಚ್ಚಗಿನ ನೀರು, ಮೈ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ. ಚರ್ಮದ ಕೆರೆತ ತಿಂಗಳಲ್ಲಿ ಕಡಿಮೆಯಾಯಿತು. ಬೆರಳ ಬಿಗಿತ ವರ್ಷದಲ್ಲಿ ಅರ್ಧಕ್ಕಿಳಿಯಿತು. ಬೈತಲೆ ಹಾಗೇ ಇದೆ.

2024ರಲ್ಲಿ ಅಮೆರಿಕದ ಮೂಳೆ ತಜ್ಞೆ ವಾಂಡಾ ರೈಟ್ ಮತ್ತು ಜೊತೆಯವರು ಈ ಕೀಲು, ಸ್ನಾಯು, ಮೂಳೆಯ ತೊಂದರೆಗಳನ್ನೆಲ್ಲ ಸೇರಿಸಿ ಒಂದೇ ಹೆಸರು ಇಟ್ಟರು, ಮೆನೋಪಾಸಿನ ಮಸ್ಕ್ಯುಲೊಸ್ಕೆಲಿಟಲ್ ಸಿಂಡ್ರೋಮ್ ಅಂತ. ಹೇಗಾರ್ತ್ ಎಣಿಸಿದ ಮೇಲೆ 219 ವರ್ಷಕ್ಕೆ. ಅದನ್ನು ಅವ್ವನಿಗೆ ಫೋನಲ್ಲಿ ಹೇಳಿದೆ.

"ಅಷ್ಟುದ್ದ ಹೆಸ್ರಾ? ನಂಗೆ ಬಾಯ್ಗೆ ಬರಲ್ಲ ಬುಡು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಕ್ಕದ್ಮನೆ ಜಯಕ್ಕಂಗೂ ಚಿಕುನ್‌ಗುನ್ಯಾ ನೋವು ಅಂತಾಳೆ. ಯಾವಾಗ ನಿಲ್ತು ಅಂತ ನಾನೇ ಕೇಳ್ತೀನಿ, ನೀನ್ ಕೇಳ್ಬೇಡ" ಅಂದಳು.